ಹಾಲು ಹೊರಟ ಮೇಲೆ ಉಳಿದ ಲೆಕ್ಕ

ತಲೆಮಾರುಗಳಿಂದ ಮಾಂಸ ಮುಟ್ಟದ ಮನೆಗಳಲ್ಲಿ ವೀಗನ್ ಆಗುವುದೆಂದರೆ ಹಾಲು ಬಿಡುವುದು ಎಂದೇ ಅರ್ಥ. ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಎಲ್ಲವೂ ಅದರ ಹಿಂದೆಯೇ ಹೊರಡುತ್ತವೆ. ನಾನಿರುವ ಕೊಂಢವಾದಿಂದ ಕಾತ್ರಜ್‌ನ ಹಾಲಿನ ಡೈರಿ ದೂರವೇನಲ್ಲ. ಬೆಳಗ್ಗೆ ಐದೂವರೆಗೆ ನಮ್ಮ ಕಟ್ಟಡದ ಪ್ರತಿ ಬಾಗಿಲಿಗೂ ತೂಗುಹಾಕಿದ ಚೀಲಗಳಲ್ಲಿ ಹಾಲಿನ ಪೊಟ್ಟಣಗಳು ಬಂದು ಬೀಳುತ್ತವೆ. ಇತ್ತೀಚೆಗೆ ಕೆಲವು ಬಾಗಿಲುಗಳಲ್ಲಿ ಆ ಚೀಲ ಕಾಣಿಸುತ್ತಿಲ್ಲ. ಯಾರೋ ಪಶುಹಿಂಸೆಯ ವಿಚಾರದಿಂದ, ಯಾರೋ ಹೊಟ್ಟೆಗೆ ಒಗ್ಗದೆ, ಯಾರೋ ಚರ್ಮದ ತೊಂದರೆಯಿಂದ ಹಾಲು ನಿಲ್ಲಿಸಿದ್ದಾರೆ. ಆಹಾರತಜ್ಞೆಯಾಗಿ ಇಪ್ಪತ್ತು ವರ್ಷ ಕೆಲಸ ಮಾಡಿದವಳಾದ್ದರಿಂದ ಆ ಬಾಗಿಲುಗಳ ಒಳಗಿನ ಪ್ರಶ್ನೆಗಳು ಒಂದೊಂದಾಗಿ ನನ್ನ ಬಾಗಿಲಿಗೆ ಬರುತ್ತವೆ. ಪ್ರಶ್ನೆ ಬಹುಮಟ್ಟಿಗೆ ಒಂದೇ: ಬಿ12 ತೆಗೆದುಕೊಳ್ಳಬೇಕೆಂದು ಗೊತ್ತು, ಉಳಿದವುಗಳಲ್ಲಿ ಯಾವುದು ನಿಜಕ್ಕೂ ಬೇಕು?

ಹೋದ ವರ್ಷ ಈ ಪ್ರಶ್ನೆ ನನ್ನ ಮನೆಯೊಳಗೇ ಬಂದಿತು. ಧಾರವಾಡದಲ್ಲಿರುವ ನನ್ನ ಅಣ್ಣನ ಮಗಳು ಗಂಡನೊಂದಿಗೆ ಪುಣೆಗೆ ಬಂದು, ಮನೆ ಸಿಗುವವರೆಗೆ ನಮ್ಮಲ್ಲಿ ಉಳಿದಿದ್ದಳು. ವಯಸ್ಸು ಇಪ್ಪತ್ತೊಂಬತ್ತು, ತೂಕ ಐವತ್ತೈದು ಕಿಲೋ, ದಿನಕ್ಕೆ ಒಂಬತ್ತು ತಾಸು ಕಂಪ್ಯೂಟರ್ ಮುಂದಿನ ಕೆಲಸ. ಹಾಲು ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಒಂದೆರಡು ವರ್ಷದೊಳಗೆ ಮಗು ಬೇಕೆಂಬ ಆಸೆಯೂ ಇತ್ತು. ಊಟದ ಮೇಜಿನ ಮೇಲೆ ಅವಳು ಆರು ಡಬ್ಬಿ ಸಾಲಾಗಿ ಇಟ್ಟಳು: ಬಿ12, ಡಿ, ಕ್ಯಾಲ್ಸಿಯಂ, ಕಬ್ಬಿಣ ಮತ್ತು ಸತು ಸೇರಿದ ಗುಳಿಗೆ, ಒಮೇಗಾ-3, ಪ್ರೋಟೀನ್ ಪುಡಿ. "ಅತ್ತೀ, ಇವೆಲ್ಲಾ ತಗೋಬೇಕೇನು? ತಿಂಗಳಿಗೆ ನಾಕು ಸಾವಿರ ಆಗ್ತದ," ಎಂದಳು. ಒಂದೊಂದು ಡಬ್ಬಿಯನ್ನೂ ಕೈಗೆತ್ತಿಕೊಂಡು ಎರಡು ಪ್ರಶ್ನೆ ಕೇಳೋಣವೆಂದೆ. ಇದು ಊಟದಲ್ಲಿ ಸಿಗುತ್ತದೆಯೇ? ಸಿಗುವುದಾದರೆ ನೀನು ಉಣ್ಣುವ ಊಟದಲ್ಲಿ ಸಿಗುತ್ತಿದೆಯೇ? ಈ ಎರಡನ್ನೂ ಬೇರೆಬೇರೆಯಾಗಿ ಕೇಳದಿದ್ದರೆ ಒಂದೋ ಎಲ್ಲ ಡಬ್ಬಿಗಳೂ ಬೇಕೆನಿಸುತ್ತವೆ, ಇಲ್ಲವೇ ಯಾವುದೂ ಬೇಡವೆನಿಸುತ್ತದೆ.

ಬಿ12ರ ಬಗ್ಗೆ ಮೊದಲ ಪ್ರಶ್ನೆಗೇ ಉತ್ತರ ಇಲ್ಲ ಎಂದು ಬರುತ್ತದೆ. ಇಂಗ್ಲೆಂಡಿನಲ್ಲಿ ವೀಗನ್ ಸೊಸೈಟಿ ಹುಟ್ಟಿದ್ದು 1944ರಲ್ಲಿ. ಬಿ12 ವಿಟಮಿನ್ನನ್ನು ಬೇರ್ಪಡಿಸಿ ಗುರುತಿಸಿದ್ದು 1948ರಲ್ಲಿ. ತಮಗೆ ಇಲ್ಲದ ವಸ್ತುವಿನ ಹೆಸರೇ ಆ ಮೊದಲಿಗರಿಗೆ ತಿಳಿದಿರಲಿಲ್ಲ. ಈಗ ತಿಳಿದಿದೆ, ಆದ್ದರಿಂದ ಇಲ್ಲಿ ಚರ್ಚೆಗೆ ಎಡೆಯಿಲ್ಲ. ಪುಣೆಯವರಿಗೆ ಇನ್ನೊಂದು ಮಾತೂ ಗೊತ್ತಿರಬೇಕು. ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಸಂಗಡಿಗರು ಹಳ್ಳಿ, ಕೊಳೆಗೇರಿ ಮತ್ತು ನಗರದ ಮಧ್ಯಮ ವರ್ಗಗಳ 441 ನಡುವಯಸ್ಸಿನ ಗಂಡಸರನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮೂವರಲ್ಲಿ ಇಬ್ಬರಿಗೆ ಬಿ12 ಕಡಿಮೆಯಿತ್ತು. ನಗರದ ಮಧ್ಯಮ ವರ್ಗದಲ್ಲಂತೂ ನೂರಕ್ಕೆ 81 ಮಂದಿಗೆ. ಅವರು ವೀಗನ್ ಪಥ್ಯದವರೆಂದು ಆರಿಸಿದವರಲ್ಲ, ಸಾಮಾನ್ಯ ಪುಣೇಕರರು. ಹಾಲು ಇರುವ ಮನೆಗಳಲ್ಲೇ ಖಜಾನೆ ಅರ್ಧ ಖಾಲಿ ಎಂದಾಯಿತು. ಅಂಥ ಮನೆಯಿಂದ ಬಂದವರು ಹಾಲನ್ನೂ ಬಿಟ್ಟರೆ, ಯಕೃತ್ತಿನಲ್ಲಿ ವರ್ಷಗಟ್ಟಲೆ ದಾಸ್ತಾನು ಇರುತ್ತದೆ ಎಂಬ ಪಠ್ಯಪುಸ್ತಕದ ಭರವಸೆ ಅವರ ಕೈಹಿಡಿಯುವುದಿಲ್ಲ.

ಹೀಗಾಗಿ ಗುಳಿಗೆಗಳ ಮಾತಿಗೆ ಮೊದಲು ರಕ್ತಪರೀಕ್ಷೆ ಮಾಡಿಸಿದೆವು. ಹಿಮೋಗ್ಲೋಬಿನ್ 11.6, ಎಂದರೆ ಗಡಿಯ ಸ್ವಲ್ಪ ಕೆಳಗೆ. ಕೆಂಪು ಕಣದ ಸರಾಸರಿ ಗಾತ್ರ 84, ಅದು ಪೂರ್ತಿ ಸಾಮಾನ್ಯ. ಇಷ್ಟನ್ನೇ ನೋಡಿದವರು "ಸ್ವಲ್ಪ ರಕ್ತ ಕಡಿಮೆ" ಎಂದು ಬಿಟ್ಟುಬಿಡುತ್ತಾರೆ. ಆದರೆ ಕಬ್ಬಿಣದ ಕೊರತೆ ಕಣವನ್ನು ಕುಗ್ಗಿಸುತ್ತದೆ, ಬಿ12 ಕೊರತೆ ಕಣವನ್ನು ಊದಿಸುತ್ತದೆ. ಎರಡೂ ಒಟ್ಟಿಗಿದ್ದರೆ ಸಣ್ಣ ಕಣಗಳೂ ದೊಡ್ಡ ಕಣಗಳೂ ಸೇರಿ ಸರಾಸರಿ ಮಾತ್ರ ನೆಟ್ಟಗೆ ಕಾಣುತ್ತದೆ. ಅದೇ ಕಾಗದದಲ್ಲಿ ಕಣಗಳ ಗಾತ್ರ ಎಷ್ಟು ಏರುಪೇರಾಗಿದೆ ಎಂದು ಹೇಳುವ ಆರ್‌ಡಿಡಬ್ಲ್ಯು ಎಂಬ ಸಾಲಿರುತ್ತದೆ. ಅವಳದು 17 ಇತ್ತು, ಹದಿನಾಲ್ಕೂವರೆ ದಾಟಬಾರದು. ಆ ಸಾಲು ನೋಡಿದ ಮೇಲೆಯೇ ನಮ್ಮ ವೈದ್ಯರು ಫೆರಿಟಿನ್ ಮತ್ತು ಬಿ12 ಪರೀಕ್ಷೆ ಬರೆದುಕೊಟ್ಟದ್ದು. ಕಬ್ಬಿಣದ ದಾಸ್ತಾನನ್ನು ಹೇಳುವ ಫೆರಿಟಿನ್ 11, ಬಿ12 140, ಡಿ ವಿಟಮಿನ್ 13 ಎಂದು ಬಂತು. ಮೂರೂ ಕಡಿಮೆ. ಥೈರಾಯ್ಡ್ ಸರಿಯಿತ್ತು.

ಬಿ12 ಅನ್ನು ಬೇಗ ಮುಗಿಸಿಬಿಡುತ್ತೇನೆ. ದಿನದ ಅಗತ್ಯ ಎರಡು ಮೈಕ್ರೋಗ್ರಾಮ್‌ನ ಆಸುಪಾಸು. ಅಂಗಡಿಯ ಗುಳಿಗೆಯಲ್ಲಿ ಸಾವಿರವಿರುತ್ತದೆ. ಇದು ವ್ಯಾಪಾರಿಗಳ ಅತಿರೇಕವಲ್ಲ. ಕರುಳಿನ ವಿಶೇಷ ವಾಹಕ ಒಂದು ಸಲಕ್ಕೆ ಎರಡು ಮೈಕ್ರೋಗ್ರಾಮ್‌ಗಿಂತ ಹೆಚ್ಚು ಹೊರಲಾರದು, ಮಿಕ್ಕಿದ್ದರಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ತಾನಾಗಿ ಸೋರಿ ಒಳಗೆ ಹೋಗುತ್ತದೆ. ಕೊರತೆಯಿಲ್ಲದ ವಯಸ್ಕರು ದಿನಾ ಐವತ್ತು ಮೈಕ್ರೋಗ್ರಾಮ್ ಅಥವಾ ವಾರಕ್ಕೆ ಎರಡು ಸಲ ಸಾವಿರದ ಗುಳಿಗೆ ತೆಗೆದುಕೊಂಡರೆ ಆಯಿತು. ಕೊರತೆಯಿದ್ದವರಿಗೆ ಮೊದಲು ಅದನ್ನು ತುಂಬುವ ಚಿಕಿತ್ಸೆ ಬೇಕು, ಅದು ವೈದ್ಯರ ಕೆಲಸ. ಸ್ಪಿರುಲಿನಾ, ಕಡಲಕಳೆ, ಹುದುಗಿದ ಅಂಬಲಿ ಇವು ಬಿ12 ಕೊಡುತ್ತವೆ ಎಂಬ ಮಾತನ್ನು ನೆಚ್ಚಬೇಡಿ. ಸ್ಪಿರುಲಿನಾದಲ್ಲಿರುವುದು ಬಹುಪಾಲು ಬಿ12ನ್ನು ಹೋಲುವ ನಿಷ್ಪ್ರಯೋಜಕ ಅಣು.

ಎರಡನೆಯ ಡಬ್ಬಿ ಡಿ. ಇದಕ್ಕೂ ಹಾಲಿಗೂ ನಾವು ತಿಳಿದಷ್ಟು ನಂಟಿಲ್ಲ. ಬೇರೆಯಾಗಿ ಸೇರಿಸದ ಹಾಲಿನಲ್ಲಿ ಡಿ ವಿಟಮಿನ್ ಇಲ್ಲವೆನ್ನುವಷ್ಟು ಕಡಿಮೆ. ಚರ್ಮದ ಮೇಲೆ ಬಿಸಿಲು ಬಿದ್ದಾಗ ದೇಹವೇ ಇದನ್ನು ತಯಾರಿಸುತ್ತದೆ, ಅದೂ ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ. ಬೆಳಗಿನ ಎಳೆ ಬಿಸಿಲಿಗೆ ಆ ಶಕ್ತಿಯಿಲ್ಲ, ಕಿಟಕಿಯ ಗಾಜು ದಾಟಿ ಬಂದ ಬಿಸಿಲಿಗೂ ಇಲ್ಲ. ಕೊಂಢವಾದ ಎಂಟನೆಯ ಮಹಡಿಯಿಂದ ನೆಲಮಾಳಿಗೆಯ ಕಾರಿಗೆ, ಅಲ್ಲಿಂದ ಕಚೇರಿಯ ನೆಲಮಾಳಿಗೆಗೆ ಇಳಿಯುವವರಿಗೆ ಆ ಬಿಸಿಲು ಸಿಗುವ ಅವಕಾಶವೇ ಇಲ್ಲ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಸಹ್ಯಾದ್ರಿಯ ಮೋಡಗಳು ಅದನ್ನೂ ಮುಚ್ಚುತ್ತವೆ. ಆದ್ದರಿಂದ ಇದು ವೀಗನ್ನರ ಕೊರತೆಯಲ್ಲ, ಒಳಾಂಗಣದಲ್ಲಿ ಬದುಕುವವರೆಲ್ಲರ ಕೊರತೆ. ಗುಳಿಗೆ ಬೇಕು, ಆದರೆ ಕಾರಣ ಬೇರೆ.

ಇಲ್ಲಿ ಎಚ್ಚರಿಕೆಯಿಂದ ನೋಡಬೇಕಾದ್ದು ಪ್ರಮಾಣ. ನಮ್ಮ ದೇಶದಲ್ಲಿ ಡಿ ವಿಟಮಿನ್ ಹೆಚ್ಚಾಗಿ 60,000 ಘಟಕಗಳ ಪೊಟ್ಟಣವಾಗಿಯೋ ಗುಳಿಗೆಯಾಗಿಯೋ ಸಿಗುತ್ತದೆ. ಕೊರತೆಗೆ ವೈದ್ಯರು ವಾರಕ್ಕೊಂದರಂತೆ ಎಂಟು ವಾರ ಬರೆಯುವುದು ವಾಡಿಕೆ. ಬಳಿಕ ತಿಂಗಳಿಗೊಂದು ಸಾಕು, ಅದನ್ನು ಹಂಚಿದರೆ ದಿನಕ್ಕೆ ಎರಡು ಸಾವಿರ ಘಟಕವಾಗುತ್ತದೆ. ಚೀಟಿ ಹಳೆಯದಾದರೂ ಅಂಗಡಿಯಲ್ಲಿ ಔಷಧ ಸಿಗುತ್ತಲೇ ಇರುತ್ತದೆ. ವಾರಕ್ಕೊಂದನ್ನು ವರ್ಷವಿಡೀ ನುಂಗಿದವರೂ ಇದ್ದಾರೆ. ಬಿ12 ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ. ಡಿ ಹಾಗಲ್ಲ, ಕೊಬ್ಬಿನಲ್ಲಿ ಕೂಡಿಕೊಂಡು ರಕ್ತದ ಕ್ಯಾಲ್ಸಿಯಂ ಏರಿಸುತ್ತದೆ. ಅಡಗದ ಬಾಯಾರಿಕೆ, ಮಲಬದ್ಧತೆ, ವಾಕರಿಕೆ, ಮಂಕು ಇವು ಅದರ ಸುಳುಹುಗಳು. ಇನ್ನು ಪಶುಮೂಲ ಬೇಡವೆನ್ನುವವರಿಗೆ ಒಂದು ಮಾತು: ಸಾಮಾನ್ಯ ಡಿ3 ತಯಾರಾಗುವುದು ಕುರಿಯ ಉಣ್ಣೆಯ ಜಿಡ್ಡಿನಿಂದ, ಮೃದು ಗುಳಿಗೆಯ ಕವಚ ಜೆಲಟಿನ್. ಕಲ್ಲುಹೂವಿನ ಜಾತಿಯಿಂದ ತೆಗೆದ ಡಿ3 ಸಿಗುತ್ತದೆ, ಬೆಲೆ ಹೆಚ್ಚು. ಆಹಾರದ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಇದನ್ನೆಲ್ಲ ಹೇಳುವುದಿಲ್ಲ, ಹಾಲಿನ ಪದಾರ್ಥಕ್ಕೂ ಹಸಿರು ಚುಕ್ಕೆಯೇ. 2022ರ ನಿಯಮದಿಂದ ವೀಗನ್ ಆಹಾರಕ್ಕೆ ಬೇರೆಯೇ ಚಿಹ್ನೆ ಬಂದಿದೆ, ನೋಡಬೇಕಾದ್ದು ಅದನ್ನು.

ಮೂರನೆಯದು ಕ್ಯಾಲ್ಸಿಯಂ. ಹಾಲು ಹೊರಟಾಗ ಅದರ ಜೊತೆ ನಿಜವಾಗಿ ಹೊರಡುವುದು ಇದೇ. ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 600 ಮಿಲಿಗ್ರಾಮ್ ಇರುತ್ತದೆ. ಐಸಿಎಂಆರ್ 2020ರಲ್ಲಿ ಪರಿಷ್ಕರಿಸಿದ ಪಟ್ಟಿಯ ಪ್ರಕಾರ ವಯಸ್ಕರಿಗೆ ದಿನಕ್ಕೆ ಸಾವಿರ ಬೇಕು. ಈ ಹಳ್ಳವನ್ನು ಗುಳಿಗೆಯಿಂದಲೇ ತುಂಬಬೇಕೆ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕವನ್ನು ಮುಂದಿಟ್ಟುಕೊಂಡು ನಾವಿಬ್ಬರೂ ಒಂದು ದಿನದ ಊಟ ಬರೆದೆವು. ಸಾಮಾನು ತರಬೇಕಾದ್ದು ಕೊಂಢವಾ ಖುರ್ದ್‌ನ ಕಿರಾಣಿ ಅಂಗಡಿಯಿಂದ. ಅಲ್ಲಿ ರಾಗಿ ನಾಚಣಿಯಾಗಿ, ಮಡಿಕೆ ಕಾಳು ಮಟಕಿಯಾಗಿ, ಅಗಸೆ ಜವಸವಾಗಿ ಕೂತಿರುತ್ತವೆ. ಹೆಸರು ಬೇರೆ, ಧಾರವಾಡದ ಅಡುಗೆಮನೆಯ ಡಬ್ಬಿಗಳೇ ಅವೆಲ್ಲ.

ಬರೆದ ಊಟ ಹೀಗಿತ್ತು. ಬೆಳಗ್ಗೆ ರಾಗಿ ದೋಸೆ, ಸಂಜೆ ರಾಗಿ ಅಂಬಲಿ, ಎರಡಕ್ಕೂ ಸೇರಿ ಎಂಬತ್ತು ಗ್ರಾಮ್ ಹಿಟ್ಟು. ಮಧ್ಯಾಹ್ನ ಎರಡು, ರಾತ್ರಿ ಒಂದು ಜೋಳದ ರೊಟ್ಟಿ, ಒಟ್ಟು ನೂರೈವತ್ತು ಗ್ರಾಮ್. ಮೊಳಕೆ ಬರಿಸಿದ ಮಡಿಕೆ ಕಾಳಿನ ಪಲ್ಯ, ಒಣ ಕಾಳಿನ ಲೆಕ್ಕದಲ್ಲಿ ಐವತ್ತು ಗ್ರಾಮ್. ನೂರು ಗ್ರಾಮ್ ಮೆಂತ್ಯ ಸೊಪ್ಪು. ರಾತ್ರಿ ತೊಗರಿ ಬೇಳೆಯ ಸಾರು, ಸ್ವಲ್ಪ ಅನ್ನ. ಒಂದೂವರೆ ಚಮಚ ಎಳ್ಳಿನ ಪುಡಿ, ಒಂದು ಚಮಚ ಅಗಸೆ ಪುಡಿ, ಒಂದು ಹಿಡಿ ಶೇಂಗಾ. ಜೊತೆಗೆ ತರಕಾರಿ, ಪೇರಲ, ನಿಂಬೆ. ಕ್ಯಾಲ್ಸಿಯಂ ಕೂಡಿಸಿದಾಗ ರಾಗಿಯಿಂದ 290, ಮೆಂತ್ಯದಿಂದ 270, ಎಳ್ಳಿನಿಂದ 190, ಕಾಳಿನಿಂದ 75, ಉಳಿದ ಚೂರುಪಾರು ಸೇರಿ ಒಟ್ಟು 930ರ ಹತ್ತಿರ ಬಂತು. ಅವಳ ಮುಖ ಅರಳಿತು.

ಕಾಗದದ ಮೇಲಿನ ಅಂಕಿ ಪೂರ್ತಿ ಮೈಗೆ ಹತ್ತುವುದಿಲ್ಲ. ಎಳ್ಳಿನ ಕ್ಯಾಲ್ಸಿಯಂ ಬಹುಪಾಲು ಸಿಪ್ಪೆಯಲ್ಲಿ ಆಕ್ಸಲೇಟ್‌ಗೆ ಅಂಟಿಕೊಂಡಿರುತ್ತದೆ. ಸಿಪ್ಪೆ ತೆಗೆದ ಬಿಳಿ ಎಳ್ಳಿನಲ್ಲಿ ಅಂಕಿಯೇ ಕುಸಿಯುತ್ತದೆ, ಸಿಪ್ಪೆಯಿದ್ದರೆ ಹೀರಿಕೆ ಕುಸಿಯುತ್ತದೆ. ಅದನ್ನು ಅರ್ಧಕ್ಕೆ ಹಿಡಿಯುವುದು ಕ್ಷೇಮ. ಪಾಲಕ್ ಅಂತೂ ಈ ಲೆಕ್ಕಕ್ಕೆ ಬರುವುದೇ ಇಲ್ಲ; ಹಾಲಿನ ಕ್ಯಾಲ್ಸಿಯಂ ನೂರಕ್ಕೆ ಮೂವತ್ತರಷ್ಟು ಹೀರಿಕೆಯಾದರೆ ಪಾಲಕ್‌ನದು ಐದರಷ್ಟು. ರಾಗಿಯ ಫೈಟೇಟ್ ಮೊಳಕೆಯಿಂದಲೂ ಹುದುಗಿನಿಂದಲೂ ಇಳಿಯುತ್ತದೆ, ಅದಕ್ಕೇ ಬರೆದದ್ದು ದೋಸೆ ಮತ್ತು ಅಂಬಲಿ. ಇನ್ನೊಂದು ತೊಡಕು ಋತುವಿನದು. ಮಳೆಗಾಲದಲ್ಲಿ ಸೊಪ್ಪು ಕೆಸರು ಮೆತ್ತಿಕೊಂಡು ಬರುತ್ತದೆ, ಬೇಸಿಗೆಯ ಕೊನೆಗೆ ಮೆಂತ್ಯದ ಕಟ್ಟು ಕೈಗೆಟುಕದ ಬೆಲೆಗೆ ಏರುತ್ತದೆ. ಸೊಪ್ಪು ತಪ್ಪಿದ ದಿನ ಒಟ್ಟು 650ಕ್ಕೆ ಇಳಿಯುತ್ತದೆ. ಆ ದಿನಗಳಿಗೆ ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು ಒಂದು ಲೋಟ ಸಾಕು, ಪೊಟ್ಟಣದ ಹಿಂಬದಿಯಲ್ಲಿ ನೂರು ಮಿಲಿಲೀಟರಿಗೆ 120 ಮಿಲಿಗ್ರಾಮ್ ಎಂದಿರಬೇಕು, ಅಷ್ಟೇ. ಸೇರಿಸಿದ ಕ್ಯಾಲ್ಸಿಯಂ ತಳದಲ್ಲಿ ಕೂರುವುದರಿಂದ ಕುಲುಕದೆ ಬಗ್ಗಿಸಬಾರದು. ಎನ್‌ಐಬಿಎಂ ರಸ್ತೆಯ ಅಂಗಡಿಗಳಲ್ಲಿ ಸಿಗುವ ಬಾದಾಮಿ ಹಾಲಿನಲ್ಲಿ ಸೇರಿಸಿದ್ದು ಇಲ್ಲವೆಂದರೆ ಬಹುಮಟ್ಟಿಗೆ ನೀರೇ. ಇವೆರಡೂ ಆಗದವರಿಗೆ ಮಾತ್ರ ಊಟದ ಜೊತೆ 300ರಿಂದ 500 ಮಿಲಿಗ್ರಾಮ್‌ನ ಗುಳಿಗೆ. ಅವಳ ಮೂರನೆಯ ಡಬ್ಬಿ ಹೀಗೆ ಕಪಾಟಿಗೆ ಹೋಯಿತು, ಕಸದಬುಟ್ಟಿಗಲ್ಲ.

ನಾಲ್ಕನೆಯ ಡಬ್ಬಿಯೇ ಎಲ್ಲಕ್ಕಿಂತ ಕಠಿಣ. ಅದೇ ಊಟದಲ್ಲಿ ಕಬ್ಬಿಣ ಕೂಡಿಸಿದೆವು: ಜೋಳದಿಂದ ಆರು, ಮೆಂತ್ಯದಿಂದ ಆರರ ಹತ್ತಿರ, ರಾಗಿ ಮತ್ತು ಮಡಿಕೆಯಿಂದ ನಾಲ್ಕು ನಾಲ್ಕು, ಎಳ್ಳಿನಿಂದ ಎರಡು, ಹೀಗೆ ಒಟ್ಟು ಸುಮಾರು 23 ಮಿಲಿಗ್ರಾಮ್. ಐಸಿಎಂಆರ್ ಪಟ್ಟಿಯಲ್ಲಿ ಗಂಡಸಿಗೆ 19, ಮುಟ್ಟಾಗುವ ವಯಸ್ಸಿನ ಹೆಂಗಸಿಗೆ 29. ಒಂದೇ ಊಟ ಅವಳ ಗಂಡನಿಗೆ ಸಾಕಾಯಿತು, ಅವಳಿಗೆ ಸಾಲಲಿಲ್ಲ. ಹಾಲು ಬಿಟ್ಟದ್ದಕ್ಕೂ ಇದಕ್ಕೂ ಸಂಬಂಧವಿಲ್ಲ, ಹಾಲಿನಲ್ಲಿ ಕಬ್ಬಿಣ ಇಲ್ಲವೇ ಇಲ್ಲ ಎನ್ನಬಹುದು. ಹೆಣ್ಣಾಗಿರುವುದಕ್ಕೆ, ತಿಂಗಳು ತಿಂಗಳು ಕಳೆದುಕೊಳ್ಳುವುದಕ್ಕೆ ಸಂಬಂಧವಿದೆ.

ಗುಳಿಗೆಗೆ ಮೊದಲು ಮಾಡಬಹುದಾದ್ದು ಹೀರಿಕೆಯನ್ನು ಹೆಚ್ಚಿಸುವುದು. ಕಾಳು-ಸೊಪ್ಪಿನ ಕಬ್ಬಿಣ ಊಟದ ಹೊತ್ತಿನಲ್ಲಿ ಸಿ ವಿಟಮಿನ್ ಜೊತೆಗಿದ್ದರೆ ಹೆಚ್ಚು ಹತ್ತುತ್ತದೆ. ಸಂಜೆ ಹಣ್ಣು ತಿಂದರೆ ಮಧ್ಯಾಹ್ನದ ಪಲ್ಯಕ್ಕೆ ಪ್ರಯೋಜನವಿಲ್ಲ. ನಿಂಬೆಯನ್ನು ಪಲ್ಯದ ಮೇಲೆಯೇ ಹಿಂಡಬೇಕು, ಕುದಿಯುವಾಗಲ್ಲ, ಬಡಿಸಿದ ಮೇಲೆ. ಪೇರಲವನ್ನು ಊಟದ ಕೊನೆಗೆ ತಿನ್ನಬೇಕು. ಚಹಾ ಇದಕ್ಕೆ ಪರಮಶತ್ರು, ಊಟಕ್ಕಿಂತ ಒಂದು ತಾಸು ಆಚೀಚೆ ಇರಲಿ. ಅವಳು ರೊಟ್ಟಿ ಊಟ ಮುಗಿಸಿ ಕಚೇರಿಯ ಯಂತ್ರದಿಂದ ಕರಿ ಚಹಾ ಕುಡಿಯುತ್ತಿದ್ದಳು. ಹಾಲು ಬಿಟ್ಟವರಲ್ಲಿ ಈ ಅಭ್ಯಾಸ ನಾನು ಅನೇಕ ಸಲ ಕಂಡಿದ್ದೇನೆ. ಚಹಾ ಬಿಡಲಾಗದೆ ಕರಿ ಚಹಾಕ್ಕೆ ಬಂದಿರುತ್ತಾರೆ.

ಆದರೆ ಫೆರಿಟಿನ್ 11 ಇದ್ದಾಗ ನಿಂಬೆಯೊಂದೇ ಸಾಲದು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಲ್ಲಿ 15ಕ್ಕಿಂತ ಕೆಳಗಿರುವುದನ್ನು ಕೊರತೆ ಎನ್ನುತ್ತದೆ. ಮೂವತ್ತರ ಕೆಳಗೇ ಚಿಕಿತ್ಸೆ ಶುರುಮಾಡುವ ವೈದ್ಯರೂ ಬಹಳ. ಅವಳ ಡಬ್ಬಿಯ ಗುಳಿಗೆಯಲ್ಲಿ ಕಬ್ಬಿಣ, ಸತು, ಕ್ಯಾಲ್ಸಿಯಂ ಎಲ್ಲ ಒಟ್ಟಿಗಿದ್ದವು, ಒಂದು ಇನ್ನೊಂದರ ದಾರಿಗೆ ಅಡ್ಡ ನಿಲ್ಲುವಂತೆ. ವೈದ್ಯರು ಅದನ್ನು ನಿಲ್ಲಿಸಿ, ಅರವತ್ತು ಮಿಲಿಗ್ರಾಮ್ ಕಬ್ಬಿಣ ಮಾತ್ರ ಇರುವ ಗುಳಿಗೆಯನ್ನು ದಿನ ಬಿಟ್ಟು ದಿನ ಬರೆದರು. "ದಿನಾ ತಗೊಂಡ್ರ ಲಗೂನ ಏರೂದಿಲ್ಲೇನು?" ಎಂದು ಅವಳು ಕೇಳಿದಳು. ಕಬ್ಬಿಣ ಒಳಹೊಕ್ಕೊಡನೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಬಿಟ್ಟು ಕರುಳಿನ ಬಾಗಿಲನ್ನು ಸುಮಾರು ಒಂದು ದಿನ ಓರೆ ಮಾಡುತ್ತದೆ. ಮರುದಿನದ ಗುಳಿಗೆ ಆ ಓರೆ ಬಾಗಿಲಿಗೆ ಬಡಿದು ಹೊಟ್ಟೆಯುರಿ, ಮಲಬದ್ಧತೆ ಕೊಡುವುದೇ ಹೆಚ್ಚು. ಒಂದು ದಿನ ಬಿಟ್ಟರೆ ಪ್ರತಿ ಗುಳಿಗೆಯಿಂದಲೂ ಹೆಚ್ಚು ಪಾಲು ಸಿಗುತ್ತದೆ. ಮೂರು ತಿಂಗಳಿಗೆ ಹಿಮೋಗ್ಲೋಬಿನ್ 12.7ಕ್ಕೆ, ಫೆರಿಟಿನ್ 31ಕ್ಕೆ ಏರಿತು. ದಾಸ್ತಾನು ಇನ್ನೂ ತುಂಬಬೇಕಾಗಿದ್ದರಿಂದ ಮತ್ತೆ ಮೂರು ತಿಂಗಳು ಮುಂದುವರಿಸಿದಳು.

ಅವಳ ಗಂಡ ತಾನೂ ತೆಗೆದುಕೊಳ್ಳಲೇ ಎಂದ. ಬೇಡವೆಂದೆವು. ಅವನ ಫೆರಿಟಿನ್ 96 ಇತ್ತು. ಹೆಚ್ಚಾದ ಕಬ್ಬಿಣವನ್ನು ಹೊರಹಾಕಲು ದೇಹಕ್ಕೆ ದಾರಿಯಿಲ್ಲ. ಇನ್ನೊಂದು ಬಗೆಯ ಜನರೂ ಇದ್ದಾರೆ: ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ, ಕಣ ತೀರಾ ಚಿಕ್ಕದು, ಫೆರಿಟಿನ್ ಮಾತ್ರ ಚೆನ್ನಾಗಿದೆ. ಅದು ತಂದೆತಾಯಿಯಿಂದ ಬಂದ ಥಲಸ್ಸೀಮಿಯಾದ ಅಂಶವಿರಬಹುದು, ಅವರಿಗೆ ಕಬ್ಬಿಣದ ಗುಳಿಗೆಯಿಂದ ಉಪಯೋಗವಿಲ್ಲ. ಬಿ12 ಮತ್ತು ಡಿ ಬಗ್ಗೆ ಎಲ್ಲರಿಗೂ ಒಂದೇ ಮಾತು ಹೇಳಬಹುದು, ಕಬ್ಬಿಣದ ಬಗ್ಗೆ ಪರೀಕ್ಷೆ ಇಲ್ಲದೆ ಯಾರಿಗೂ ಏನೂ ಹೇಳಲಾಗದು. ಸತುವಿಗೆ ಇಷ್ಟು ಮಾತು ಬೇಡ. ಮೊಳಕೆ, ಹುದುಗು, ಕಾಳು, ಎಳ್ಳು ಇರುವ ಊಟಕ್ಕೆ ಬೇರೆ ಗುಳಿಗೆಯ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಐದನೆಯದು ಒಮೇಗಾ-3. ನಮ್ಮ ಉತ್ತರ ಕರ್ನಾಟಕದ ಅಗಸಿ ಚಟ್ನಿ ಇದರ ಸಸ್ಯರೂಪದ ಖಜಾನೆ. ಒಂದು ದೊಡ್ಡ ಚಮಚ ಪುಡಿಯಲ್ಲಿ ಒಂದೂವರೆ ಗ್ರಾಮ್‌ಗೂ ಹೆಚ್ಚು ಇರುತ್ತದೆ, ಹೆಂಗಸಿಗೆ ದಿನಕ್ಕೆ 1.1, ಗಂಡಸಿಗೆ 1.6 ಗ್ರಾಮ್ ಸಾಕೆಂಬುದು ಅಮೆರಿಕದ ಅಂದಾಜು. ಇಡೀ ಬೀಜ ನುಂಗಿದರೆ ಹಾಗೆಯೇ ಹೊರಬೀಳುತ್ತದೆ, ಹುರಿದು ಪುಡಿ ಮಾಡಬೇಕು, ವಾರಕ್ಕಾಗುವಷ್ಟೇ ಮಾಡಿ ಮುಚ್ಚಿಡಬೇಕು. ಗುರೆಳ್ಳು ಚಟ್ನಿ ರುಚಿಯಲ್ಲಿ ಅದರ ಅಕ್ಕನೇ ಆದರೂ ಈ ಕೆಲಸಕ್ಕೆ ಬಾರದು, ಅದರ ಎಣ್ಣೆ ಒಮೇಗಾ-6. ಅಗಸೆಯ ಕೊಬ್ಬನ್ನು ಮೆದುಳು ಮತ್ತು ಕಣ್ಣು ಬಳಸುವ ಡಿಎಚ್‌ಎ ಆಗಿ ದೇಹ ಮಾರ್ಪಡಿಸುವುದು ಬಹಳ ಕಡಿಮೆ. ಅದೇ ಕಿಣ್ವಕ್ಕಾಗಿ ಒಮೇಗಾ-6 ಪೈಪೋಟಿ ಮಾಡುತ್ತದೆ. ಧಾರವಾಡದಿಂದ ಪುಣೆಯವರೆಗೆ ಹಳೆಯ ಮನೆಗಳಲ್ಲಿ ಬಳಸುವ ಕುಸುಬೆ ಎಣ್ಣೆ, ಇಲ್ಲಿಯವರ ಕರಡಿ ತೇಲ, ಮುಕ್ಕಾಲು ಪಾಲು ಒಮೇಗಾ-6. ಶೇಂಗಾ ಎಣ್ಣೆಗೆ ಬದಲಾಯಿಸಿ ಪ್ರಮಾಣ ಇಳಿಸಿದರೆ ಅಗಸೆಗೆ ಕೆಲಸಮಾಡಲು ಅವಕಾಶ ಸಿಗುತ್ತದೆ. ಸಾಮಾನ್ಯ ವಯಸ್ಕರಿಗೆ ಪಾಚಿಯಿಂದ ತೆಗೆದ ಡಿಎಚ್‌ಎ ಗುಳಿಗೆ ಕಡ್ಡಾಯ ಎನ್ನಲಾರೆ. ಬಸುರಿ, ಬಾಣಂತಿಯರಿಗೆ ದಿನಕ್ಕೆ 200 ಮಿಲಿಗ್ರಾಮ್ ಕೊಡುವುದು ಒಳ್ಳೆಯದು ಎನ್ನುತ್ತೇನೆ. ಆರನೆಯ ಡಬ್ಬಿ, ಪ್ರೋಟೀನ್ ಪುಡಿ, ಒಂದೇ ಮಾತಿನಲ್ಲಿ ಮುಗಿಯಿತು. ಮೇಲಿನ ಊಟದಲ್ಲಿ ಐವತ್ತು ಗ್ರಾಮ್‌ನ ಹತ್ತಿರ ಪ್ರೋಟೀನ್ ಇತ್ತು, ಅವಳ ತೂಕಕ್ಕೆ 46 ಸಾಕು. ಕಾಳು ಬಿಟ್ಟು ಬರೀ ಅವಲಕ್ಕಿ, ಚಪಾತಿ, ಬಟಾಟೆ ತಿನ್ನುವ ವೀಗನ್ನರಿಗೆ ಈ ಮಾತು ಸಲ್ಲದು.

ಆರು ಡಬ್ಬಿಗಳಲ್ಲಿ ಇಲ್ಲದೆ ಹೋದದ್ದು ಒಂದಿತ್ತು, ಅಯೋಡಿನ್. ಹಾಲಿನ ಜೊತೆ ಇದೂ ಸ್ವಲ್ಪ ಹೊರಡುತ್ತದೆ, ಯಾರೂ ಗಮನಿಸುವುದಿಲ್ಲ. ಕಾರಣ, ನಮ್ಮಲ್ಲಿ ಅದನ್ನು ಉಪ್ಪು ಸದ್ದಿಲ್ಲದೆ ಕೊಡುತ್ತದೆ. ಬಳಕೆದಾರನ ಕೈಸೇರುವ ಉಪ್ಪಿನಲ್ಲಿ ಗ್ರಾಮ್‌ಗೆ ಕನಿಷ್ಠ ಹದಿನೈದು ಮೈಕ್ರೋಗ್ರಾಮ್ ಇರಬೇಕೆಂಬುದು ನಿಯಮ. ದಿನದ ಅಗತ್ಯ 140ರಿಂದ 150. ಮನೆಯ ಉಪ್ಪಿನಿಂದ ಇದು ಒಂದಿಷ್ಟು ಆಚೀಚೆ ಹೊಂದಿಕೊಳ್ಳುತ್ತದೆ. ಆದರೆ ಹಾಲು ಬಿಡುವವರು ಆರೋಗ್ಯದ ಹುರುಪಿನಲ್ಲಿ ಅನೇಕ ವೇಳೆ ಉಪ್ಪನ್ನೂ ಬದಲಾಯಿಸಿ ಗುಲಾಬಿ ಬಣ್ಣದ ಸೈಂಧವ ಲವಣ ತರುತ್ತಾರೆ. ಅದರಲ್ಲಿ ಸೇರಿಸಿದ ಅಯೋಡಿನ್ ಇರುವುದಿಲ್ಲ. ಅಯೋಡಿನ್ ಸಾಕಷ್ಟಿದ್ದಾಗ ಸಜ್ಜೆ, ಸೋಯಾ, ಎಲೆಕೋಸು ಥೈರಾಯ್ಡ್‌ಗೆ ತೊಂದರೆ ಕೊಡುವುದಿಲ್ಲ. ಕಡಿಮೆಯಾದಾಗ ಅವೇ ಅಡ್ಡ ಬರುತ್ತವೆ, ಮತ್ತು ವೀಗನ್ ತಟ್ಟೆಯಲ್ಲಿ ಅವು ಹೆಚ್ಚು. ನನ್ನ ಸೊಸೆಯ ಚೀಲದಲ್ಲೂ ಆ ಗುಲಾಬಿ ಪೊಟ್ಟಣ ಇತ್ತು. ಅದನ್ನು ಬಿಟ್ಟು ಸಾಮಾನ್ಯ ಅಯೋಡಿನ್ ಉಪ್ಪನ್ನು ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ಒಲೆ ಆರಿಸುವ ಮುನ್ನ ಹಾಕು ಎಂದೆ. ಹದಿನೈದು ಇಪ್ಪತ್ತು ರೂಪಾಯಿಯ ಈ ಬದಲಾವಣೆಯಿಂದ ಏಳನೆಯ ಡಬ್ಬಿ ತಪ್ಪಿತು. ಸೈಂಧವವನ್ನು ಬಿಡಲೊಲ್ಲದವರಿಗೆ 150 ಮೈಕ್ರೋಗ್ರಾಮ್‌ನ ಗುಳಿಗೆ ಬೇಕು. ಕಡಲಕಳೆಯ ಪುಡಿ ಬೇಡ, ಅದರಲ್ಲಿ ಎಷ್ಟಿದೆಯೆಂದು ನಂಬಲಾಗದು, ಅತಿಯಾದರೂ ಥೈರಾಯ್ಡ್ ಕೆಡುತ್ತದೆ.

ಹೀಗೆ ಎಣಿಸಿದರೆ ಬಿ12 ಹೊರತು ವೀಗನ್ ಎಂಬ ಕಾರಣಕ್ಕೇ ಎಲ್ಲರೂ ನುಂಗಬೇಕಾದ ಗುಳಿಗೆ ಇನ್ನೊಂದಿಲ್ಲ. ಡಿ ಒಳಾಂಗಣದಲ್ಲಿ ಬದುಕುವವರಿಗೆ, ಕಬ್ಬಿಣ ಫೆರಿಟಿನ್ ಕಡಿಮೆಯಿದ್ದವರಿಗೆ, ಅಯೋಡಿನ್ ಉಪ್ಪು ಬದಲಾಯಿಸಿದವರಿಗೆ, ಕ್ಯಾಲ್ಸಿಯಂ ರಾಗಿ-ಸೊಪ್ಪು ಇಲ್ಲದ ತಟ್ಟೆಗೆ. ಮಗುವಿನ ಯೋಚನೆ ಇರುವವರಿಗೆ ಮಾತ್ರ ಈ ಸಡಿಲಿಕೆ ಇಲ್ಲ. ಬಸುರಿಯಲ್ಲಿ ಅಯೋಡಿನ್, ಕಬ್ಬಿಣ, ಡಿಎಚ್‌ಎ ಎಲ್ಲದರ ಅಗತ್ಯ ಏರುತ್ತದೆ. ಮೇಲಾಗಿ ಎಲ್ಲರಿಗೂ ಫೋಲಿಕ್ ಆಮ್ಲದ ಗುಳಿಗೆ ಕೊಡುತ್ತಾರೆ. ಅದು ಬೇಕೇ ಬೇಕು, ಆದರೆ ಬಿ12 ಖಾಲಿಯಿರುವಾಗ ಅದೊಂದೇ ಹೋಗಬಾರದು. ಅದು ರಕ್ತಹೀನತೆಯನ್ನು ಮುಚ್ಚಿಹಾಕುತ್ತದೆ, ನರಗಳ ಹಾನಿ ಒಳಗೇ ನಡೆದಿರುತ್ತದೆ. ಪುಣೆಯ ಸುತ್ತಲಿನ ಆರು ಹಳ್ಳಿಗಳಲ್ಲಿ 1993ರಲ್ಲಿ ಆರಂಭವಾದ ತಾಯಂದಿರ ಪೋಷಣೆಯ ಅಧ್ಯಯನ, ಆ ತಾಯಂದಿರ ಮಕ್ಕಳನ್ನು ಆರನೆಯ ವಯಸ್ಸಿನಲ್ಲಿ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಫಲಿತಾಂಶ ಇಲ್ಲಿ ನೆನಪಾಗುತ್ತದೆ: ಬಸುರಿನಲ್ಲಿ ಬಿ12 ಕಡಿಮೆಯಾಗಿ ಫೋಲೇಟ್ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲೇ ಇನ್ಸುಲಿನ್ ಪ್ರತಿರೋಧ ಎಲ್ಲರಿಗಿಂತ ಹೆಚ್ಚು. ಅವರು ಹಾಲು ಬಿಟ್ಟವರೇನಲ್ಲ, ನಮ್ಮ ನೆರೆಯ ಹಳ್ಳಿಗರು.

ಅದಕ್ಕೆಂದೇ ಅವಳಿಗೆ ಹೇಳಿದ್ದು, ಮಗುವಿನ ಯೋಚನೆಗೆ ಕನಿಷ್ಠ ಆರು ತಿಂಗಳು ಮೊದಲೇ ಬಿ12, ಫೆರಿಟಿನ್, ಡಿ, ಥೈರಾಯ್ಡ್ ಈ ನಾಲ್ಕನ್ನೂ ಮತ್ತೊಮ್ಮೆ ನೋಡಿಸಿಕೊಂಡು, ವೈದ್ಯರಿಗೆ ತಾನು ಹಾಲೂ ಮುಟ್ಟುವುದಿಲ್ಲವೆಂದು ಬಾಯಿಬಿಟ್ಟು ತಿಳಿಸಬೇಕೆಂದು. "ಸಸ್ಯಾಹಾರಿ" ಎಂದಷ್ಟೇ ಹೇಳಿದರೆ ನಮ್ಮ ಕಡೆ ಕೇಳುವವರ ಮನಸ್ಸಿನಲ್ಲಿ ಒಂದು ಲೋಟ ಹಾಲು ತಾನಾಗಿಯೇ ಬಂದು ಕೂರುತ್ತದೆ.